ಪಾಟೀಲರ ಪತ್ರಿಕಾ ಪ್ರಕಟಣೆ

ಸುಲಭಾಬಾಯಿ ಆಳಂದಕ್ಕೆ ಬಂದದ್ದು ಗಂಡನಿಗೆ ಇಲ್ಲಿನ ಹೈಸ್ಕೂಲಿಗೆ ವರ್ಗವಾದದ್ದರಿಂದ. ಅದಕ್ಕೂ ಮೊದಲು ಹುಬ್ಬಳ್ಳಿಯ ದಿನಪತ್ರಿಕೆಯೊಂದರಲ್ಲಿ ಕೆಲಸ ಮಾಡುತ್ತಿದ್ದರು. ಮೊದಲು ಕರಡು ತಿದ್ದಿದರು, ಆಮೇಲೆ ಜಿಲ್ಲಾ ಸುದ್ದಿಗಳ ಮೇಜಿಗೆ ಬಂದರು. ಸಂಘ ಸಂಸ್ಥೆಗಳು ಕಳಿಸುವ ಪ್ರಕಟಣೆಗಳ ಕಟ್ಟು ದಿನವೂ ಆ ಮೇಜಿನ ಮೇಲೆ ಬಂದು ಬೀಳುತ್ತಿತ್ತು. ಅವುಗಳಲ್ಲಿ ಹೆಚ್ಚಿನವನ್ನು ಎರಡನೆಯ ಸಾಲಿಗೇ ಮಡಚಿ ಬುಟ್ಟಿಗೆ ಹಾಕಿದವರು ಅವರೇ.

ಆಳಂದದಲ್ಲಿ ದೌಲತರಾಯ ಪಾಟೀಲರು ನಡೆಸುತ್ತಿದ್ದ ಕುಷ್ಠರೋಗ ಚಿಕಿತ್ಸಾ ಕೇಂದ್ರದಲ್ಲಿ ಅವರಿಗೆ ಕೆಲಸ ಸಿಕ್ಕಿತು. ವರದಿ ಬರೆಯುವುದು, ಪತ್ರವ್ಯವಹಾರ ನೋಡಿಕೊಳ್ಳುವುದು. ಪಾಟೀಲರು ಹೊಲಮನೆ ಇದ್ದವರು, ತೊಗರಿ ವ್ಯಾಪಾರವೂ ಇತ್ತು. ಬಸ್ ನಿಲ್ದಾಣದ ಹಿಂದಿನ ತಮ್ಮ ಗೋದಾಮನ್ನೇ ಖಾಲಿ ಮಾಡಿಸಿ, ಸುಣ್ಣ ಹೊಡೆಸಿ ಕೇಂದ್ರಕ್ಕೆ ಕೊಟ್ಟಿದ್ದರು. ಯಾಕೆ ಕೊಟ್ಟರೆಂದು ಯಾರಿಗೂ ಹೇಳಿರಲಿಲ್ಲ.

೧೯೯೨ರಲ್ಲಿ ಕೇಂದ್ರಕ್ಕೆ ಐದು ವರ್ಷ ತುಂಬಿತು. ಕಲಬುರ್ಗಿಯ ಪತ್ರಿಕೆಗಳಿಗೆ ಕಳಿಸಬೇಕೆಂದು ಪಾಟೀಲರು ತಾವೇ ಕೂತು ಎರಡು ಹಾಳೆ ಬರೆದು ತಂದರು. ಅದರ ಮೊದಲ ವಾಕ್ಯ ಹೀಗಿತ್ತು: “ಇಡೀ ರಾಷ್ಟ್ರದಲ್ಲಿಯೇ ಪ್ರಪ್ರಥಮವಾದ, ಅಭೂತಪೂರ್ವವೂ ಪವಾಡಸದೃಶವೂ ಆದ ಮಹಾನ್ ಸೇವೆಯಿಂದ ಆಳಂದ ತಾಲೂಕು ಕುಷ್ಠರೋಗದಿಂದ ಸಂಪೂರ್ಣ ಮುಕ್ತವಾಗಿದ್ದು, ಇದೊಂದು ಐತಿಹಾಸಿಕ ಸಾಧನೆಯಾಗಿದೆ.”

ಸುಲಭಾಬಾಯಿ ಅದನ್ನು ಓದಿದರು. ಹಾಳೆ ಹಿಡಿದುಕೊಂಡು ಡಾಕ್ಟರ್ ಪ್ರಹ್ಲಾದರ ಕೋಣೆಗೆ ಹೋದರು. ಎಷ್ಟು ಜನ ಹೆಸರು ಹಚ್ಚಿಸಿದ್ದಾರೆ, ಎಷ್ಟು ಜನ ಗುಣವಾಗಿದ್ದಾರೆ ಎಂದು ಕೇಳಿದರು. ಗುಣವಾಗಿದ್ದಾರೆ ಎನ್ನಬೇಡಿರಿ, ಚಿಕಿತ್ಸೆ ಪೂರ್ತಿ ಮುಗಿಸಿದ್ದಾರೆ ಎನ್ನಿರಿ ಎಂದು ಡಾಕ್ಟರು ತಿದ್ದಿದರು. ಕೆಲವರಿಗೆ ಗುಳಿಗೆ ಮುಗಿದರೂ ಕೈಕಾಲಿನ ಜೋಮು ಉಳಿದಿರುತ್ತದೆ, ಅವರನ್ನು ಇನ್ನೂ ನೋಡುತ್ತಲೇ ಇರಬೇಕು ಎಂದರು. ನಡುವೆ ಬಿಟ್ಟವರ ಲೆಕ್ಕ ಕೇಳಿದಾಗ ರಜಿಸ್ಟರು ತೆಗೆದು ಅದನ್ನೂ ಕೊಟ್ಟರು.

ಸುಲಭಾಬಾಯಿ ಹೊಸ ಹಾಳೆಯಲ್ಲಿ ಅಗಲವಾದ ಅಂಚು ಬಿಟ್ಟು, ಸಾಲುಗಳ ನಡುವೆ ಜಾಗ ಬಿಟ್ಟು ಬರೆದರು:

“ಆಳಂದದ ಕುಷ್ಠರೋಗ ಚಿಕಿತ್ಸಾ ಕೇಂದ್ರದಲ್ಲಿ ಕಳೆದ ಐದು ವರ್ಷಗಳಲ್ಲಿ ೪೧೨ ಜನರು ಚಿಕಿತ್ಸೆಗೆ ಹೆಸರು ನೋಂದಾಯಿಸಿದ್ದು, ಅವರಲ್ಲಿ ೩೩೧ ಜನ ಅದನ್ನು ಪೂರ್ಣಗೊಳಿಸಿದ್ದಾರೆ. ೪೭ ಜನ ಚಿಕಿತ್ಸೆ ಪಡೆಯುತ್ತಿದ್ದಾರೆ. ೩೪ ಜನ ನಡುವೆ ನಿಲ್ಲಿಸಿದ್ದು, ಅವರನ್ನು ಮತ್ತೆ ಕರೆತರುವ ಪ್ರಯತ್ನ ನಡೆದಿದೆ ಎಂದು ಕೇಂದ್ರದ ವೈದ್ಯ ಡಾ. ಪ್ರಹ್ಲಾದ ತಿಳಿಸಿದ್ದಾರೆ. ಚರ್ಮದ ಮೇಲೆ ಸ್ಪರ್ಶ ತಿಳಿಯದ ಮಚ್ಚೆ ಇದ್ದವರು ಸೋಮವಾರ ಮತ್ತು ಗುರುವಾರ ಬೆಳಿಗ್ಗೆ ತಪಾಸಣೆಗೆ ಬರಬಹುದು. ಔಷಧ ಉಚಿತ.”

ಕೆಳಗೆ ಕೇಂದ್ರದ ಫೋನ್ ನಂಬರು, ವಿವರ ಕೇಳಬೇಕಾದವರ ಹೆಸರು. ಅಷ್ಟೇ.

ಪಾಟೀಲರು ಓದುತ್ತ ಓದುತ್ತ ಮುಖ ಸಣ್ಣದು ಮಾಡಿಕೊಂಡರು. ತಾವು ಬರೆದದ್ದರಲ್ಲಿ ತಮ್ಮ ಹೆಸರಿಗೆ ಹಚ್ಚಿದ್ದ ‘ದಾನಶೂರ’ ಹೋಗಿದ್ದಕ್ಕೆ ಬೇಸರವಿಲ್ಲ ಎಂದರು. ಆದರೆ ಇಷ್ಟು ವರ್ಷದ ಕೆಲಸ ಇಷ್ಟೇ ಇಷ್ಟು ಕಾಣುತ್ತದಲ್ಲ, ಮೇಲಾಗಿ ನಮ್ಮ ಸೋಲನ್ನು ನಾವೇ ಯಾಕೆ ಸಾರಬೇಕು ಎಂದು ಕೇಳಿದರು. ಮೂವತ್ತನಾಲ್ಕರ ಸಾಲಿನ ಮೇಲೆ ಅವರ ಬೆರಳು ನಿಂತಿತ್ತು.

ಸುಲಭಾಬಾಯಿ ಸಮಾಧಾನದಿಂದ ತಿಳಿಸಿ ಹೇಳಿದರು. ಸುದ್ದಿ ಮೇಜಿನಲ್ಲಿ ಕೂತವನು ದಿನಕ್ಕೆ ಹತ್ತಾರು ‘ಐತಿಹಾಸಿಕ’ ನೋಡಿರುತ್ತಾನೆ. ರಾಷ್ಟ್ರದಲ್ಲೇ ಮೊದಲು ಎಂದರೆ ಯಾರು ಹೇಳಿದ್ದು ಎಂದು ಕೇಳುತ್ತಾನೆ. ಉತ್ತರ ಇಲ್ಲದಿದ್ದರೆ ಉಳಿದದ್ದನ್ನೂ ನಂಬುವುದಿಲ್ಲ. ಬಿಟ್ಟುಹೋದವರ ಲೆಕ್ಕ ನಾವೇ ಕೊಟ್ಟರೆ ಮುಗಿಸಿದವರ ಲೆಕ್ಕಕ್ಕೂ ಬೆಲೆ ಬರುತ್ತದೆ.

ಪಾಟೀಲರು ಜಿಲ್ಲಾ ಕುಷ್ಠರೋಗ ಕಚೇರಿಗೆ ಅಲ್ಲಿಂದಲೇ ಫೋನ್ ಮಾಡಿದರು. ಈ ಗುಳಿಗೆಗಳನ್ನು ಎಷ್ಟೋ ಕಡೆ ಇದಕ್ಕೂ ಮೊದಲೇ ಕೊಡಲು ಶುರುಮಾಡಿದ್ದಾರೆಂದು ಆ ಕಡೆಯಿಂದ ಉತ್ತರ ಬಂತು. ರಿಸೀವರ್ ಇಟ್ಟು ‘ಪ್ರಪ್ರಥಮ’ವನ್ನು ತಾವೇ ಹೊಡೆದು ಹಾಕಿದರು. ಆದರೆ ‘ಸಂಪೂರ್ಣ ಮುಕ್ತ’ ಮಾತ್ರ ಇರಲಿ ಎಂದು ಹಟ ಹಿಡಿದರು.

ಆಗ ಸುಲಭಾಬಾಯಿ ಹೇಳಿದರು: “ಪಾಟೀಲ್ರೆ, ತಾಲೂಕಿನ್ಯಾಗ ರೋಗನೇ ಇಲ್ಲಂತ ಪೇಪರಿನ್ಯಾಗ ಬಂದ್ರ, ಇವತ್ತು ಮೈಮ್ಯಾಲ ಮಚ್ಚಿ ಇದ್ದ ಹೆಣ್ಮಗಳು ಯಾರ ಮುಂದ ಹೋಗಿ ಹೇಳ್ಬೇಕ್ರಿ?”

ಪಾಟೀಲರು ತಾವು ಬರೆದ ಹಾಳೆಗಳನ್ನು ಮಡಚಿದರು. ಎರಡೂ ಹಾಳೆಗಳನ್ನು ಜೇಬಿಗಿಟ್ಟುಕೊಂಡು ಎದ್ದು ಹೋದರು. ಅವರಿಗೆ ನೋವಾಯಿತೆಂದು ಸುಲಭಾಬಾಯಿಗೆ ಗೊತ್ತಾಯಿತು, ಎಲ್ಲಿ ನೋವಾಯಿತೆಂದು ಗೊತ್ತಾಗಲಿಲ್ಲ.

ಮರುದಿನ ಬೆಳಿಗ್ಗೆ ಕೇಂದ್ರಕ್ಕೆ ಬಂದ ಪಾಟೀಲರು ಬಾಗಿಲು ಎಳೆದುಕೊಂಡು ಕೂತರು. ತಮಗೊಬ್ಬ ಅಕ್ಕ ಇದ್ದಳು, ಗಂಗಾಬಾಯಿ ಎಂದು ಹೆಸರು ಎಂದರು. ಮದುವೆಯಾದ ಕೆಲವು ವರ್ಷಕ್ಕೆ ಗಂಡನ ಮನೆಯವರು ತವರಿಗೆ ತಂದು ಬಿಟ್ಟರಂತೆ. ಮನೆಯವರು ದನದ ಕೊಟ್ಟಿಗೆಯ ಆಚೆಗೊಂದು ಕೋಣೆ ಕಟ್ಟಿಸಿಕೊಟ್ಟರು. ಬಂದವರಿಗೆಲ್ಲ ಅವಳು ಗಂಡನ ಮನೆಯಲ್ಲಿದ್ದಾಳೆ ಎಂದೇ ಹೇಳುತ್ತಿದ್ದರು. ಊಟದ ತಾಟನ್ನು ಬಾಗಿಲ ಹೊರಗಿಟ್ಟು ಬರುತ್ತಿದ್ದವರು ದೌಲತರಾಯರೇ. ಆಕೆ ಅಲ್ಲಿಯೇ ತೀರಿಕೊಂಡಳು.

“ನಾ ಬರೆದ ದೊಡ್ಡ ದೊಡ್ಡ ಮಾತು ಆಕಿ ಸಲುವಾಗಿ ಇದ್ದುವ್ರಿ,” ಎಂದರು. “ರೋಗ ಹೋತು, ಪೂರಾ ಹೋತು ಅಂತ ಆಕಿಗಿ ಹೇಳ್ಬೇಕು ಅನಸ್ತಿತ್ತು.”

ಆಮೇಲೆ, ನೀವು ಬರೆದದ್ದೇ ಹೋಗಲಿ, ಆದರೆ ಅದರಲ್ಲಿ ಅಕ್ಕನ ಬಗ್ಗೆ ಒಂದು ಮಾತು ಸೇರಿಸಿರಿ ಎಂದರು. ಸುಲಭಾಬಾಯಿ ಬೇಡವೆಂದರು. ನಿಮ್ಮ ಮನೆಯಲ್ಲಿ ಮದುವೆಗೆ ಬಂದ ಮಗಳಿದ್ದಾಳೆ, ಅಚ್ಚಾದದ್ದನ್ನು ಹಿಂದಕ್ಕೆ ತರಲಾಗದು, ಇದಿಲ್ಲದೆಯೂ ಸುದ್ದಿ ಸರಿಯಾಗಿಯೇ ಇದೆ ಎಂದರು. ಹೆಂಡತಿಗೂ ಮಗಳಿಗೂ ಹೇಳಿಯೇ ಬಂದಿದ್ದೇನೆ ಎಂದರು ಪಾಟೀಲರು. ಹೆಂಡತಿ ಸುಭದ್ರಾಬಾಯಿ ಒಪ್ಪಿರಲಿಲ್ಲ. ಮಗಳು ಒಪ್ಪಿದ್ದಳು.

ಅವರು ಹೇಳಿದ್ದನ್ನು ಸುಲಭಾಬಾಯಿ ಒಂದು ವಿಶೇಷಣವನ್ನೂ ಸೇರಿಸದೆ ಬರೆದುಕೊಂಡರು: “‘ನನ್ನ ಅಕ್ಕನಿಗೆ ಈ ರೋಗವಿತ್ತು. ನಾವು ಅವಳನ್ನು ಬಚ್ಚಿಟ್ಟೆವು. ಆಗ ಈ ಔಷಧ ಇರಲಿಲ್ಲ. ಈಗ ಇದೆ’ ಎಂದು ಕೇಂದ್ರದ ಸ್ಥಾಪಕ ದೌಲತರಾಯ ಪಾಟೀಲ ಹೇಳಿದರು.”

ಲಕೋಟೆ ಕಲಬುರ್ಗಿಯ ಬಸ್ಸಿಗೆ ಹೋಯಿತು. ಎರಡು ದಿನ ಬಿಟ್ಟು ರಸೂಲ ಎಂಬ ವರದಿಗಾರ ಫೋನ್ ಮಾಡಿದ. ಮೂವತ್ತನಾಲ್ಕು ಜನ ಯಾಕೆ ಬಿಟ್ಟರು ಎಂಬುದೇ ಅವನ ಮೊದಲ ಪ್ರಶ್ನೆ. ದುಡಿಯಲು ಮುಂಬಯಿ, ಸೊಲ್ಲಾಪುರಕ್ಕೆ ಹೋದವರಿದ್ದಾರೆ, ಮಚ್ಚೆ ತಿಳಿಯಾದ ಕೂಡಲೇ ಸಾಕೆಂದವರಿದ್ದಾರೆ ಎಂದು ಡಾಕ್ಟರು ವಿವರಿಸಿದರು. ಪಾಟೀಲರ ಮಾತನ್ನು ಹಾಗೆಯೇ ಹಾಕಬಹುದೇ ಎಂದು ಅವನು ಎರಡು ಸಲ ಕೇಳಿದ. ಒಮ್ಮೆ ಸುಲಭಾಬಾಯಿಯನ್ನು, ಇನ್ನೊಮ್ಮೆ ಪಾಟೀಲರನ್ನೇ.

ಸುದ್ದಿ ಒಳಪುಟದಲ್ಲಿ ಬಂತು. ಒಂದು ಅಂಕಿಯೂ ಬದಲಾಗಿರಲಿಲ್ಲ.

ಪಾಟೀಲರ ಮಗಳಿಗೆ ಅಫಜಲಪುರದ ಕಡೆಯಿಂದ ಬಂದಿದ್ದ ಒಂದು ಸಂಬಂಧ ಮುಂದುವರಿಯಲಿಲ್ಲ. ಅವರು ಕಾರಣ ಹೇಳಲಿಲ್ಲ. ಸುಭದ್ರಾಬಾಯಿ ಎದುರಿಗೆ ಸಿಕ್ಕರೂ ಸುಲಭಾಬಾಯಿಯ ಮುಖ ನೋಡದೆ ಹೋಗುತ್ತಿದ್ದರು. ಬರೆದದ್ದು ತಪ್ಪಲ್ಲ ಎಂದು ಸುಲಭಾಬಾಯಿಗೆ ಗೊತ್ತಿತ್ತು. ಆದರೂ ಆ ಮನೆಯ ಮುಂದೆ ಹಾಯುವಾಗ ಹೆಜ್ಜೆ ಭಾರವಾಗುತ್ತಿತ್ತು. ಬಿಟ್ಟುಹೋದವರಲ್ಲಿ ಕೆಲವರು ಮರಳಿ ಬಂದರು, ಹೆಚ್ಚಿನವರು ಬರಲಿಲ್ಲ.

ಒಂದು ಗುರುವಾರ ಖಜೂರಿಯಿಂದ ಚಂದಮ್ಮ ಎಂಬ ಹೆಣ್ಣುಮಗಳು ಒಬ್ಬಳೇ ಬಂದಳು. ಊರಿನ ಚಹಾದಂಗಡಿಯಲ್ಲಿ ಯಾರೋ ಪೇಪರು ಓದಿ ಹೇಳಿದ್ದನ್ನು ಮರೆಯಲ್ಲಿ ನಿಂತು ಕೇಳಿಸಿಕೊಂಡಿದ್ದಳಂತೆ. ಬಲಗೈಯನ್ನು ಸೆರಗಿನೊಳಗೇ ಇಟ್ಟುಕೊಂಡಿದ್ದಳು. ಕಿರುಬೆರಳು ಆಗಲೇ ಬಾಗಿತ್ತು. ಬೆರಳು ನೆಟ್ಟಗಾಗುತ್ತದೆಂದು ಈಗ ಹೇಳಲಾರೆ, ರೋಗವನ್ನು ಇಲ್ಲಿಗೇ ನಿಲ್ಲಿಸಬಹುದು ಎಂದರು ಡಾಕ್ಟರು. ಅವಳು ತಲೆಯಾಡಿಸಿದಳು. ಅಷ್ಟನ್ನೇ ಕೇಳಲು ಬಂದಂತಿತ್ತು.

ತಿಂಗಳ ಮೊದಲ ಗುಳಿಗೆಗಳನ್ನು ಕೇಂದ್ರದವರ ಎದುರಿಗೇ ನುಂಗಬೇಕಿತ್ತು. ಅಂದು ಅಲ್ಲಿದ್ದ ಪಾಟೀಲರು ತಾವೇ ಎದ್ದು ಗಡಿಗೆಯಿಂದ ನೀರು ತುಂಬಿ ಲೋಟವನ್ನು ಅವಳ ಕೈಗೆ ಕೊಟ್ಟರು. ಅವಳು ಹಿಂಜರಿದಾಗ, “ತಗೋವಾ ತಂಗಿ,” ಎಂದರು. ಅವಳು ಸೆರಗಿನಿಂದ ಬಲಗೈ ತೆಗೆದು ಲೋಟ ಹಿಡಿದಳು. ಮುಂದಿನ ತಿಂಗಳು ಯಾವಾಗ ಬರಬೇಕೆಂದು ಸುಲಭಾಬಾಯಿಯನ್ನು ಕೇಳಿದಳು.