ಹಳದಿ ಪರದೆಯ ಮುಂದಿನ ಮುಖ

ಬಸವಕಲ್ಯಾಣದಲ್ಲಿ ನನ್ನದೊಂದು ಸಣ್ಣ ಬ್ಯೂಟಿ ಪಾರ್ಲರ್ ಇದೆ. ಎಷ್ಟೋ ವರ್ಷಗಳಿಂದ ಮದುವಣಗಿತ್ತಿಯರನ್ನು ಸಿಂಗರಿಸುತ್ತ ಬಂದಿರುವುದರಿಂದ, ಮುಖ ನೋಡಿದ ಕೂಡಲೇ ಯಾವ ಬಣ್ಣ ಒಪ್ಪುತ್ತದೆಂದು ಹೇಳಬಲ್ಲೆ ಅನ್ನುವ ಜಂಬ ನನಗಿತ್ತು. ಆ ಜಂಬವನ್ನು ಇಳಿಸಿದವಳು ಹುಮನಾಬಾದಿನ ಒಬ್ಬ ಹುಡುಗಿ.

ಅವಳ ಮದುವೆ ನಿಶ್ಚಯಕ್ಕೆ ಮೇಕಪ್ ಮಾಡಿದ್ದು ನಾನೇ. ಮೊದಲೇ ಹೋಗಿ ನೋಡಲು ಸೋಮಾರಿತನವಾಗಿ ಫೋನಿನಲ್ಲೇ ಫೋಟೊ ತರಿಸಿಕೊಂಡೆ. ಹಳದಿ ಪರದೆಯ ಮುಂದೆ ನಿಂತಿದ್ದ ಅವಳ ಮುಖ ಗುಲಾಬಿಯಾಗಿ ಕಂಡಿತು. ಮೈಬಣ್ಣಕ್ಕೆ ಹೊಂದಿಸಿ ಬಳಿಯುವ ಫೌಂಡೇಶನ್‌ನಲ್ಲಿ ಗುಲಾಬಿ ಛಾಯೆಯ ಬಾಟಲಿಯನ್ನೇ ಚೀಲಕ್ಕೆ ಹಾಕಿಕೊಂಡು ಹೋದೆ. ಅವರ ಕೋಣೆಯಲ್ಲಿ ಅದೇ ಪರದೆ, ಮೇಲೊಂದು ಹಳದಿ ಬಲ್ಬು. ಕನ್ನಡಿಯಲ್ಲಿ ಎಲ್ಲ ಚೆನ್ನಾಗಿಯೇ ಇತ್ತು. ಅಂಗಳದ ಬಿಸಿಲಿಗೆ ಬಂದಾಗ ಮಾತ್ರ ತಪ್ಪು ಕಂಡಿತು. ಕತ್ತು ಗೋಧಿ ಬಣ್ಣದ್ದು, ಮುಖ ಬೂದಿ ಬಳಿದ ಹಾಗೆ. ಹುಡುಗಿ ಊಟಕ್ಕೆ ಕೂರುವ ಮೊದಲೇ ಬಚ್ಚಲಿಗೆ ಹೋಗಿ ಮುಖ ತೊಳೆದುಕೊಂಡು ಬಂದಳು. ಅವಳ ಕಣ್ಣುಗಳು ಕೆಂಪಾಗಿದ್ದವು. ನಾನು ನಾಚಿಕೆಯಿಂದ ಸತ್ತೇ ಹೋದೆ.

ಮದುವೆಗೆ ಬೇರೆಯವರನ್ನು ಕರೆಯುತ್ತಾರೆ ಅಂದುಕೊಂಡಿದ್ದೆ. ಅವಳೇ ಫೋನ್ ಮಾಡಿದಳು.

"ನೀವ ಕೆಡಿಸೀರಿ ಅಕ್ಕಾ, ನೀವ ಸರಿ ಮಾಡ್ರಿ. ನನ್ನ ಮಾರಿ ನಂದ ಇರಲಿ, ಅಷ್ಟ ಸಾಕು."

ಮತ್ತೆ ಫೋಟೊ ಕಳಿಸಿದಳು. ಈ ಸಲ ಹಸಿರು ಗೋಡೆಗೆ ಒರಗಿ ನಿಂತಿದ್ದಳು, ಗೋಡೆಯ ಕಡೆಯ ಕೆನ್ನೆ ಹಸಿರು ಹೊಡೆಯುತ್ತಿತ್ತು. ಸಂಜೆ ಅದೇ ಫೋಟೊವನ್ನು ನನ್ನ ಫೋನಿನಲ್ಲಿ ಮತ್ತೆ ತೆರೆದು ನೋಡಿದರೆ ಮುಖವೆಲ್ಲ ಅರಿಷಿಣ ಹಚ್ಚಿದಂತೆ. ಒಬ್ಬಳೇ ಹುಡುಗಿ, ಮೂರು ಮೈಬಣ್ಣ. ನನ್ನ ಕಣ್ಣಿಗೇ ಏನೋ ಆಗಿದೆ ಎಂದು ಹೆದರಿದೆ. ಮದುವೆಗೆ ಇನ್ನೂ ಹತ್ತು ದಿನ ಇರುವಾಗಲೇ ನನ್ನ ಬಳಿಯಿದ್ದ ಬಾಟಲಿಗಳನ್ನೆಲ್ಲ ಚೀಲಕ್ಕೆ ತುಂಬಿ ಹುಮನಾಬಾದಿನ ಬಸ್ ಹತ್ತಿದೆ.

ಅವಳ ತಾಯಿಯಿಂದ ಒಂದು ಬಿಳಿ ಹಾಳೆ ಕೇಳಿ ಇಸಿದುಕೊಂಡೆ. ಹುಡುಗಿ ಅದನ್ನು ಕೆನ್ನೆಯ ಪಕ್ಕ ಹಿಡಿದುಕೊಂಡಳು, ನಾನು ಅವಳ ಫೋನಿನಲ್ಲೇ ಫೋಟೊ ತೆಗೆಯುತ್ತ ಹೋದೆ. ಪರದೆಯ ಮುಂದೆ ತೆಗೆದದ್ದರಲ್ಲಿ ಹಾಳೆ ನೀಲಿಗೆ ತಿರುಗಿತ್ತು. ಚೌಕಟ್ಟಿನ ತುಂಬ ಹಳದಿ ಕಂಡ ಕ್ಯಾಮೆರಾ, ಬೆಳಕೇ ಹಳದಿ ಎಂದು ತಿಳಿದು ಎಲ್ಲವನ್ನೂ ನೀಲಿಯ ಕಡೆ ಎಳೆದಿತ್ತು. ಅದರ ಜೊತೆ ಮುಖದ ಚಿನ್ನದ ಛಾಯೆಯೂ ಹೋಗಿ ಗುಲಾಬಿ ಕಂಡಿತ್ತು. ಗೋಡೆಯ ಬಳಿ ಆದದ್ದು ಬೇರೆ. ಕಿಟಕಿಯ ಬೆಳಕು ಹಸಿರು ಗೋಡೆಗೆ ಬಿದ್ದು, ಅಲ್ಲಿಂದ ಚಿಮ್ಮಿ ಕೆನ್ನೆಗೂ ಹಾಳೆಗೂ ಹಸಿರು ಬಳಿದಿತ್ತು. ಗೋಡೆಯ ಬಳಿಯ ಅದೇ ಫೋಟೊವನ್ನು ನನ್ನ ಫೋನಿಗೆ ಕಳಿಸಿಕೊಂಡು ಎರಡೂ ಫೋನುಗಳನ್ನು ಅಕ್ಕಪಕ್ಕ ಹಿಡಿದೆ. ನನ್ನದರಲ್ಲಿ ಹಾಳೆ ಹಸಿರಿನ ಬದಲು ಹಳದಿಗೆ ವಾಲಿತ್ತು. ಆಗ ನೆನಪಾಯಿತು, ಆ ಸಂಜೆ ತಲೆನೋವು ಬರುತ್ತದೆಂದು ಫೋನಿನ ಬೆಳಕನ್ನು ಹಳದಿಯಾಗಿಸುವ, ಕಣ್ಣಿಗೆ ತಂಪಾಗುವ ಸೆಟ್ಟಿಂಗ್ ಹಾಕಿ ಮರೆತವಳು ನಾನೇ. ಅಂದಿನಿಂದ ನಾನು ಫೋನಿನಲ್ಲಿ ಕಂಡ ಮುಖಕ್ಕೆಲ್ಲ ಅದೇ ಅರಿಷಿಣ ಹಚ್ಚಿತ್ತು. ನನ್ನ ಕಣ್ಣಿಗೆ ಏನೂ ಆಗಿರಲಿಲ್ಲ. ನಗು ತಡೆಯಲಾಗಲಿಲ್ಲ.

"ಯಾಕ ನಗಾಕತ್ತೀರಿ ಅಕ್ಕಾ?" ಎಂದಳು ಹುಡುಗಿ, ಅನುಮಾನದಿಂದಲೇ.

ಬಿಳಿ ಹಾಳೆಯೇ ಬಿಳಿ ಕಾಣದ ಫೋಟೊದಲ್ಲಿ ನಿನ್ನ ಬಣ್ಣ ಹುಡುಕಿದ ಬುದ್ಧಿವಂತೆ ನಾನು ಎಂದು ಹೇಳಿ, ಅವಳನ್ನು ತಲೆಬಾಗಿಲಿಗೆ ಕರೆದೊಯ್ದೆ. ಅಲ್ಲಿ ನೆರಳಿತ್ತು, ಆದರೆ ಹಗಲಿನ ಬೆಳಕು ನೇರವಾಗಿ ಬರುತ್ತಿತ್ತು, ಹತ್ತಿರದಲ್ಲಿ ಬಣ್ಣದ ಗೋಡೆ ಇರಲಿಲ್ಲ. ಅವಳು ಹೊದ್ದಿದ್ದ ಕೆಂಪು ದುಪಟ್ಟಾ ತೆಗೆಸಿ, ಭುಜಕ್ಕೆ ಬಿಳಿ ಟವೆಲ್ ಹೊದಿಸಿದೆ. ದವಡೆಯ ಮೇಲೆ ಮೂರು ಬಾಟಲಿಗಳಿಂದ ಮೂರು ಗೆರೆ ಎಳೆದೆ. ಗುಲಾಬಿಯದು ಬೂದಿಯಾಗಿ ನಿಂತಿತು. ತೀರ ಹಳದಿಯದು ಅರಿಷಿಣದ ಗುರುತಿನಂತೆ ಎದ್ದು ಕಂಡಿತು. ನಡುವಿನದು, ತುಸುವೇ ಹಳದಿಗೆ ವಾಲಿದ್ದು, ಹಚ್ಚಿ ಬೆರಳು ತೆಗೆಯುವಷ್ಟರಲ್ಲಿ ಚರ್ಮದಲ್ಲಿ ಕರಗಿಬಿಟ್ಟಿತು. ಉಳಿದೆರಡನ್ನು ಒರೆಸಿ ಅದನ್ನೇ ಮುಖಕ್ಕೆಲ್ಲ ಹಚ್ಚಿದೆ.

ತಾಯಿ ಒಳಗಿನಿಂದ ಬಂದು ಮಗಳ ಮುಖವನ್ನು ಅತ್ತ ಇತ್ತ ತಿರುಗಿಸಿ ನೋಡಿದರು. ಕತ್ತನ್ನೂ ನೋಡಿದರು.

"ಎಲ್ಲಿ ಹಚ್ಚೀರಿ? ಕಾಣವಲ್ದಲ್ಲ."

ಇಷ್ಟು ವರ್ಷಗಳಲ್ಲಿ ನನ್ನ ಕೆಲಸಕ್ಕೆ ಸಿಕ್ಕ ದೊಡ್ಡ ಮೆಚ್ಚುಗೆ ಅದೇ. ತಿಂಗಳಿಂದ ಎದೆಯ ಮೇಲೆ ಕೂತಿದ್ದ ಭಾರ ಇಳಿಯಿತು. ಹುಡುಗಿ ಕನ್ನಡಿಯನ್ನು ಬಿಸಿಲಿಗೆ ಒಯ್ದು ಬಹಳ ಹೊತ್ತು ನೋಡಿಕೊಂಡಳು.

ಅಷ್ಟರಲ್ಲಿ ತಾಯಿ ಊಟಕ್ಕೆ ಕರೆದರು. ಹುಡುಗಿ ಕನ್ನಡಿ ಇಟ್ಟು ಒಳಗೆ ಹೋದಾಗ ನಾನು ಬಚ್ಚಲಿನ ಕಡೆಗೇ ನೋಡುತ್ತಿದ್ದೆ. ಅವಳು ಕೈಯಷ್ಟೇ ತೊಳೆದುಕೊಂಡು ಬಂದು ನನ್ನ ಪಕ್ಕದಲ್ಲಿ ಊಟಕ್ಕೆ ಕೂತಳು.