ಕಮಲಾವತಿ ಚಿಕ್ಕಮ್ಮನ ನಾಲ್ಕು ದಿನದ ಸೈಕಲ್ ಟೂರು

ಕಮಲಾವತಿ ಚಿಕ್ಕಮ್ಮನ ಕತೆ ಹೇಳಹೊರಟರೆ ನನಗೆ ಮೊದಲು ಬರುವುದು ಸಿಟ್ಟು, ಅದೂ ಅಜ್ಜ ಚನಿಯಪ್ಪ ಗೌಡರ ಮೇಲೆ. ೧೯೬೨ರಲ್ಲಿ ಮಗಳಿಗೆ ಪುತ್ತೂರಿನಲ್ಲಿ ಗ್ರಾಮಸೇವಿಕೆಯ ಕೆಲಸ ಸಿಕ್ಕಿದಾಗ ಅವರು ಹಾಕಿದ್ದು ಒಂದೇ ಷರತ್ತು.

"ಟೂರು ಹೋದಲ್ಲಿ ನಾನು ಹೇಳಿದ ಮನೆಯಲ್ಲೇ ಉಳಿಯಬೇಕು. ಒಂದು ರಾತ್ರಿ ತಪ್ಪಿದರೂ ಕೆಲಸ ಬಿಟ್ಟು ಸುಳ್ಯಕ್ಕೆ ಬರುದು."

ಅಜ್ಜ ಹೇಳಿದ ಮೇಲೆ ಮುಗಿಯಿತು. ನಮ್ಮ ಮನೆಯಲ್ಲಿ ಮರುಮಾತಿನ ಪದ್ಧತಿಯೇ ಇರಲಿಲ್ಲ.

ಆ ಅಕ್ಟೋಬರಿನಲ್ಲಿ ಚಿಕ್ಕಮ್ಮನಿಗೆ ಮೊದಲ ಉದ್ದದ ಟೂರು ಬಂತು. ಲೆಕ್ಕ ಹಾಕಿಕೊಟ್ಟವರು ಸೈಕಲ್ ಶಾಪಿನ ಹೈದರ್. ಮೊದಲ ದಿನ ಪುತ್ತೂರಿನಿಂದ ಕಾಣಿಯೂರು, ಹದಿನೈದು ಮೈಲಿ. ಎರಡನೇ ದಿನ ದಾರಿಯಲ್ಲಿ ಮಹಿಳಾ ಮಂಡಲದ ಮೀಟಿಂಗು, ಹಾಗಾಗಿ ಎಂಟೇ ಮೈಲಿ. ಕುಮಾರಧಾರಾ ಹೊಳೆ ದಾಟಿ ಆಲಂಕಾರು. ಮೂರನೇ ದಿನ ಕಡಬ, ಅಲ್ಲೂ ಮೀಟಿಂಗು. ಕೊನೆಯ ದಿನ ಕೆಲಸವಿಲ್ಲ, ಸುಳ್ಯದವರೆಗೆ ಏರುತ್ತ ಇಳಿಯುತ್ತ ಇಪ್ಪತ್ತೆರಡು.

"ಮೈಲಿ ಮಾತ್ರ ನೋಡಬೇಡಿ ಟೀಚರಮ್ಮ," ಎಂದರು ಹೈದರ್. ಅವರಿಗೆ ಕೆಲಸಕ್ಕೆ ಹೋಗುವ ಹೆಂಗಸರೆಲ್ಲ ಟೀಚರಮ್ಮನೇ. "ಸಮ ರಸ್ತೆಯ ಹತ್ತು ಮೈಲಿಯೂ ಏರಿನ ಐದೂ ಒಂದೇ."

ಪಂಪು, ಟಯರು ಬಿಚ್ಚುವ ಎರಡು ಪಟ್ಟಿ, ಸ್ಪ್ಯಾನರ್, ಉಜ್ಜುಕಾಗದ, ರಬ್ಬರಿನ ತುಂಡು, ಅಂಟಿಸುವ ಸೊಲ್ಯೂಶನ್ನಿನ ಹೊಸ ಟ್ಯೂಬು, ವಾಲ್ವಿಗೆ ಹಾಕುವ ಸಣ್ಣ ರಬ್ಬರ್ ನಳಿಗೆ, ಎಲ್ಲ ಒಂದು ಚೀಲಕ್ಕೆ ಹಾಕಿಕೊಟ್ಟರು. ಪಂಚರ್ ಹಾಕುವುದನ್ನು ಮೂರು ಸಲ ಮಾಡಿಸಿದರು. ಎರಡು ಸೀರೆ, ಹೊದಿಕೆ, ಟಾರ್ಚು, ಮೀಟಿಂಗಿನಲ್ಲಿ ಹಂಚುವ ಬೀಜದ ಪೊಟ್ಟಣಗಳು ಕ್ಯಾರಿಯರಿನ ಮೇಲೆ ಕೂತವು. ಭಾರದ್ದು ಅಡಿಗೆ, ಮೇಲಿನಿಂದ ಹಳೇ ಟ್ಯೂಬಿನ ಪಟ್ಟಿ ಬಿಗಿದು. ಉಳಿಯುವ ಮನೆಗಳ ಪಟ್ಟಿ ಅಜ್ಜನದು. ಮೂರೂ ಊರಿನಲ್ಲಿ ನಮ್ಮದೇ ನೆಂಟರು.

ಎರಡನೇ ದಿನ ಮೀಟಿಂಗು ಮುಗಿಯುವಾಗ ನಾಲ್ಕು ಗಂಟೆ. ಹೊಳೆಗೆ ಇನ್ನೂ ಮೂರು ಮೈಲಿ ಇರುವಾಗ ಮುಂದಿನ ಚಕ್ರ ಮಲಗಿತು. ಹೊಳೆ ದಾಟಿಸುವ ಕಡವಿನ ಕೊನೆಯ ದೋಣಿ ಆರಕ್ಕೆ. ಚಿಕ್ಕಮ್ಮ ಟ್ಯೂಬನ್ನು ತೋಡಿನ ನೀರಿಗೆ ಅದ್ದಿ ತೂತು ಹುಡುಕಿದಳು, ಉಜ್ಜಿದಳು, ಸೊಲ್ಯೂಶನ್ ಹಚ್ಚಿದಳು. ಅದು ಬೆರಳಿಗೆ ಅಂಟದಷ್ಟು ಒಣಗಿದ ಮೇಲೆಯೇ ರಬ್ಬರ್ ಒತ್ತಬೇಕು ಎಂದು ಹೈದರ್ ನೂರು ಸಲ ಹೇಳಿದ್ದರು. ಹೊತ್ತು ನೋಡಿ ಹೆದರಿದ ಚಿಕ್ಕಮ್ಮ ಹಸಿಯಲ್ಲೇ ಒತ್ತಿದಳು. ಅರ್ಧ ಮೈಲಿ ಹೋಗುವಷ್ಟರಲ್ಲಿ ರಬ್ಬರ್ ಜಾರಿ ಗಾಳಿ ಹೋಯಿತು. ಎಲ್ಲ ಮತ್ತೆ ಮೊದಲಿನಿಂದ.

ಹೊಳೆಬದಿಗೆ ಮುಟ್ಟುವಾಗ ಕತ್ತಲಾಗುತ್ತಿತ್ತು. ಅಂಬಿಗ ಡೊಂಬಯ್ಯ ದೋಣಿ ಕಟ್ಟಿ ಆಗಿತ್ತು.

"ಘಟ್ಟದಲ್ಲಿ ಮಳೆ ಬಂದಿದೆ ಅಮ್ಮ. ಈ ನೀರಿಗೆ ಈಗ ನಾನು ದೋಣಿ ಬಿಡುದಿಲ್ಲ."

"ಆಚೆ ನೆಂಟರ ಮನೆ ಉಂಟು. ಇವತ್ತು ಹೋಗದಿದ್ದರೆ ನನ್ನ ಕೆಲಸ ಹೋಗ್ತದೆ."

"ಜೀವ ಹೋದರೆ ಕೆಲಸ ಎಂತಕ್ಕೆ? ಬೀಫಾತುಮ್ಮನ ಮನೆಗೆ ಹೋಗಿ. ಅಲ್ಲಿ ಹೆಂಗಸರು ಮಾತ್ರ ಇರುದು."

ಬೀಫಾತುಮ್ಮ ವಿಧವೆ, ಜೊತೆಗೆ ಇಬ್ಬರು ಸೊಸೆಯಂದಿರು. ಡೊಂಬಯ್ಯನ ಹೆಸರು ಕೇಳಿದ್ದೇ ಸೈಕಲನ್ನೂ ಒಳಗೆ ತರಿಸಿ ಅಗುಳಿ ಹಾಕಿದರು. ಚಿಕ್ಕಮ್ಮನಿಗೆ ನಿದ್ದೆ ಹತ್ತಲಿಲ್ಲ. ತನ್ನ ನೌಕರಿ ಅಲ್ಲಿಗೆ ಮುಗಿಯಿತು ಎಂದು ಅವಳು ಅತ್ತಳು.

ಅವಳಿಗೆ ತಿಳಿಯದ್ದು ಒಂದಿತ್ತು. ಮಗಳು ಮಾತು ಉಳಿಸಿಕೊಳ್ಳುತ್ತಾಳೋ ನೋಡಲು ಅಜ್ಜ ಆ ಸಂಜೆಯೇ ಗುಟ್ಟಾಗಿ ಆಲಂಕಾರಿಗೆ ಬಂದು ಕೂತಿದ್ದರು. ಬೆಳಗಿನ ಮೊದಲ ದೋಣಿಯಲ್ಲಿ ಹೊಳೆ ದಾಟಿ, ಡೊಂಬಯ್ಯ ತೋರಿಸಿದ ಬಾಗಿಲನ್ನು ಬಡಿದರು.

"ಇಲ್ಲಿ ಸೈಕಲಿನ ಹುಡುಗಿ ಇದ್ದಾಳಾ? ನಾನು ಅವಳ ಅಪ್ಪ."

ಬೀಫಾತುಮ್ಮ ಅಗುಳಿ ತೆಗೆಯಲಿಲ್ಲ. "ಅಪ್ಪ ಅಂತ ಯಾರೂ ಹೇಳಬಹುದು. ಇಲ್ಲಿ ಯಾವ ಹುಡುಗಿಯೂ ಇಲ್ಲ."

"ಡೊಂಬಯ್ಯನೇ ಹೇಳಿದ್ದು!"

"ಹಾಗಾದರೆ ಡೊಂಬಯ್ಯನೇ ಬರಲಿ. ಗಂಡಸರಿಲ್ಲದ ಮನೆ ಇದು. ಇನ್ನೊಮ್ಮೆ ಬಡಿದರೆ ಕತ್ತಿ ಹಿಡಿದೇ ಬಾಗಿಲು ತೆಗೆಯುದು."

ಕತ್ತಿ ಆಗಲೇ ಅವರ ಕೈಯಲ್ಲಿತ್ತು. ಸುಮ್ಮನಿದ್ದರೆ ಅಪ್ಪ ಸ್ವಲ್ಪ ಹೊತ್ತಾದರೂ ಆಚೆ ಹೋಗುತ್ತಾರೆ ಎಂದು ಚಿಕ್ಕಮ್ಮನಿಗೆ ಆಸೆಯಾಯಿತಂತೆ. ಆದರೆ ಹೊರಗಿನ ಸ್ವರ ಒಡೆದಿತ್ತು.

"ನನ್ನ ಅಪ್ಪನೇ," ಎಂದಳು.

ಬಾಗಿಲು ತೆರೆಯಿತು. ಅಜ್ಜನ ಪಂಚೆ ಮೊಣಕಾಲಿನವರೆಗೆ ಒದ್ದೆ. ಮಗಳನ್ನು ಕಂಡವರೇ ಜಗಲಿಯಲ್ಲಿ ಕುಸಿದು ಕೂತರು. ಬೀಫಾತುಮ್ಮ ಕತ್ತಿ ಇಳಿಸದೆ ಚಿಕ್ಕಮ್ಮನನ್ನೇ ಮತ್ತೊಮ್ಮೆ ಕೇಳಿದರು, "ಹೆದರಿ ಹೇಳುದಲ್ಲ ತಾನೇ ಮಗಳೇ? ನಿಜವಾಗಿ ಅಪ್ಪನಾ?" ಅವಳು ತಲೆಯಾಡಿಸಿದ ಮೇಲೆಯೇ ಕತ್ತಿ ಕೆಳಗಿಟ್ಟು ನೀರು ತರಲು ಒಳಗೆ ಹೋದರು.

ಚಿಕ್ಕಮ್ಮ ಬೈಗುಳಕ್ಕೆ ಕಾದು ನಿಂತಳು.

"ನಿನ್ನೆ ನೀನು ಬರಲಿಲ್ಲ," ಎಂದರು ಅಜ್ಜ. "ನಾನು ಹೇಳಿದ ಮನೆಯವರು ಊಟ ಮಾಡಿ ಮಲಗಿದರು. ಹುಡುಕುವ, ಬನ್ನಿ ಅಂತ ಕೈ ಮುಗಿದೆ. ಒಬ್ಬನೂ ಏಳಲಿಲ್ಲ."

ಬೀಫಾತುಮ್ಮ ತಂದ ನೀರನ್ನು ಅವರು ಕುಡಿದು ಚೊಂಬು ಬರಿದು ಮಾಡಿದರು. ಮತ್ತೆ ಮಗಳ ಮುಖ ನೋಡದೆ ಹೇಳಿದರು:

"ಕಡಬಕ್ಕೆ ಹೊರಡು, ಮೀಟಿಂಗಿಗೆ ತಡ ಆಗ್ತದೆ. ಇನ್ನು ಉಳಿಯುವ ಮನೆ ನೀನೇ ನೋಡಿಕೊ. ಮನೆ ಆರಿಸಲಿಕ್ಕೆ ನನಗೆ ಗೊತ್ತಾಗುದಿಲ್ಲ."