ಕುಂಕುಮದ ತಟ್ಟೆ ಮತ್ತು ತವರಿನ ಬೋರ್ಡು

ಹೋದ ರಜೆ ಮುಗಿಸಿ ನೀವು ಚಾಮರಾಜನಗರಕ್ಕೆ ಹೊರಟಾಗ ಒಂದು ಮಾತು ಕೇಳಿದಿರಿ. "ಅಜ್ಜಿ, ಎಲ್ಲಾರೂ ಮುಂದೆ ಬಂದು ಟಾಟಾ ಮಾಡ್ತಾರೆ, ನೀನ್ಯಾಕೆ ಯಾವಾಗ್ಲೂ ಹಿಂದ್ಗಡೆ ನಿಂತ್ಕತೀಯ?" ಎದುರಿಗೆ ನಿಂತು ಮಾತಾಡುವುದು ನನಗೆ ಮೊದಲಿನಿಂದಲೂ ಕಷ್ಟ. ನನ್ನ ತವರೂರು ಕುದೇರಿನ ಶಾಲೆಯಲ್ಲಿ ಏಳನೇ ಕ್ಲಾಸಿನವರೆಗೆ ಓದಿದ್ದೇನೆ. ಅದರಿಂದ ಬರೆಯಲಂತೂ ಬರುತ್ತದೆ, ಬರೆದೇ ಹೇಳುತ್ತೇನೆ.

ನಾನು ಗುಂಡ್ಲುಪೇಟೆಯ ಹೋಟೆಲಿನಲ್ಲಿ ಬಡಿಸುವ ಕೆಲಸಕ್ಕೆ ಸೇರಿದ್ದು ನಿಮ್ಮ ತಾತ ಹೋದ ಎರಡನೇ ವರ್ಷ. ಆಗಲೇ ತಾತನ ಊರು ಭೀಮನಬೀಡು ಬಿಟ್ಟು ನಿಮ್ಮ ಮಾವನ ಜೊತೆ ಪೇಟೆಗೆ ಬಂದಿದ್ದೆ. ಮಾವ, ಅತ್ತೆ ಇಬ್ಬರೂ ಬೆಳಿಗ್ಗೆ ಡಬ್ಬಿ ಕಟ್ಟಿಕೊಂಡು ಕೆಲಸಕ್ಕೆ ಹೋಗುತ್ತಿದ್ದರು. ಮಧ್ಯಾಹ್ನ ಒಬ್ಬಳಿಗೇ ಮುದ್ದೆ ತೊಳಸುತ್ತಿದ್ದೆ. ಅಭ್ಯಾಸ ಬಲದಿಂದ ಎರಡು ಮುದ್ದೆ ಕಟ್ಟಿ, ಎರಡನೆಯದನ್ನು ಕೈಯಲ್ಲಿ ಹಿಡಿದು ನಿಂತುಬಿಡುತ್ತಿದ್ದೆ. ನಿಮ್ಮ ತಾತ ಊಟದಲ್ಲಿ ಮಾತಾಡುವವರಲ್ಲ. ಸಾರು ಬೇಕಾದರೆ ಅನ್ನದಲ್ಲಿ ಬೆರಳಿನಿಂದ ಒಂದು ಗುಂಡಿ ಮಾಡುತ್ತಿದ್ದರು. ನಾನು ನೋಡಿಕೊಂಡು ಬಡಿಸುತ್ತಿದ್ದೆ. ಹಾಗೆ ಯಾರ ಕೈಯನ್ನಾದರೂ ನೋಡಿಕೊಂಡು ಬಡಿಸಬೇಕೆಂದು ನನಗೆ ಆಸೆಯಾಗುತ್ತಿತ್ತು. ಕೆಲಸಕ್ಕೆ ಹೋದದ್ದು ಅದಕ್ಕೇ. ಇದನ್ನು ನಾನು ಯಾರಿಗೂ ಹೇಳಿರಲಿಲ್ಲ.

ಊಟಿ ರಸ್ತೆಯ ಮೇಲಿನ ಹೋಟೆಲು ಅದು, ಕೇರಳದ ಕಡೆಯವರೂ ಬಹಳ ಬರುತ್ತಿದ್ದರು. ಅದೇ ಮಾಲೀಕರದು ಚಾಮರಾಜನಗರದಲ್ಲಿ ಒಂದು, ಮೈಸೂರಿನಲ್ಲಿ ಎರಡು. ನಾಲ್ಕರ ಮುಂದೆಯೂ ಒಂದೇ ಬೋರ್ಡು: "ತವರಿಗೆ ಬಂದ ಹಾಗೆ." ಬಾಳೆಲೆ, ಮುದ್ದೆ, ಸೊಪ್ಪಿನ ಸಾರು, ಮಜ್ಜಿಗೆ. ಬಡಿಸುವವರಲ್ಲಿ ಹೆಂಗಸರೇ ಹೆಚ್ಚು. ನನ್ನ ಜೊತೆ ಬೇಗೂರಿನವಳೊಬ್ಬಳು ಇದ್ದಳು, ನನಗಿಂತ ಬಹಳ ಚಿಕ್ಕವಳು, ಬಾಯಿ ಜೋರು. ನನ್ನನ್ನು ಅಕ್ಕ ಎನ್ನುತ್ತಿದ್ದಳು. ಮೊದಲ ದಿನವೇ, "ಅಕ್ಕ, ಈ ಕೇರಳದೋರ್ಗೆ ನಮ್ ಬೋರ್ಡ್ ಓದಕ್ ಬರಕಿಲ್ಲ, ತವರು ಅಂದ್ರೆ ಎಂಗ್ ಗೊತ್ತಾಗ್ಬೇಕು?" ಎಂದು ಕೇಳಿ, ತಾನೇ ಉತ್ತರ ಹೇಳಿದಳು: "ಎಲ್ಡನೇ ಸಲ ಕೇಳ್ದೇನೆ ಅನ್ನ ಹಾಕ್ಬುಡು. ಗೊತ್ತಾಯ್ತದೆ."

ಒಂದು ವರ್ಷ ಚೆನ್ನಾಗಿಯೇ ನಡೆಯಿತು. ಆಮೇಲೆ ಮಾಲೀಕರ ಮೈಸೂರಿನ ಆಫೀಸಿನಿಂದ ಒಂದು ಪಟ್ಟಿ ಬಂತು. ಬೋರ್ಡಿನಲ್ಲಿ ತವರು ಎಂದು ಬರೆದ ಮೇಲೆ ಬಡಿಸುವವರ ನಡವಳಿಕೆಯೂ ಹಾಗೇ ಇರಬೇಕು, ನಾಲ್ಕು ಕಡೆಯೂ ಒಂದೇ ಥರ ಇರಬೇಕು ಎಂದು ಅವರ ಯೋಚನೆ. ಯೋಚನೆ ಸರಿಯೇ. ಒಂದು ಕಡೆ ನಗುತ್ತಾ ಬಡಿಸಿ ಇನ್ನೊಂದು ಕಡೆ ಎಲೆ ಮೇಲೆ ಎಸೆದರೆ ಬೋರ್ಡು ಸುಳ್ಳಾಗುತ್ತದೆ. ಪಟ್ಟಿಯಲ್ಲಿ ಹನ್ನೆರಡು ಸಾಲು ಇದ್ದವು. ಬಾಗಿಲಿಗೆ ಎದುರಾಗಿ ನಿಂತು ಕೈಮುಗಿದು "ತವರಿಗೆ ಬನ್ನಿ" ಅನ್ನಬೇಕು. ಮೊದಲು ನೀರು ಕೊಡಬೇಕು. ಹೀಗೇ ಹೋಗಿ ಕೊನೆಯ ಸಾಲು: ಊಟ ಮುಗಿಸಿ ಹೊರಡುವ ಹೆಣ್ಣುಮಕ್ಕಳಿಗೆ, ಬಡಿಸಿದವಳೇ ಅರಿಶಿನ ಕುಂಕುಮ, ಹೂವು ಕೊಟ್ಟು ಕಳಿಸಬೇಕು.

ಪಟ್ಟಿಯ ಜೊತೆಗೇ ಒಂದು ಹಿತ್ತಾಳೆ ತಟ್ಟೆಯೂ ಬಂದಿತ್ತು.

ಮಕ್ಕಳೇ, ನಮ್ಮ ಕಾಲದ ವಿಧವೆಯರು ಹಣೆಗೆ ವಿಭೂತಿ ಇಟ್ಟುಕೊಳ್ಳುತ್ತೇವೆ, ಕುಂಕುಮ ಮುಟ್ಟುವುದಿಲ್ಲ. ಇನ್ನೊಬ್ಬ ಮುತ್ತೈದೆಗೆ ಕೊಡುವುದಂತೂ ಇಲ್ಲವೇ ಇಲ್ಲ. ಯಾರಾದರೂ ಪಯಣ ಹೊರಟರೆ ಎದುರು ಬರುವುದಿಲ್ಲ. ಇದು ಸರಿಯೋ ತಪ್ಪೋ, ನಿಮ್ಮ ಅಮ್ಮ ತಪ್ಪು ಎನ್ನುತ್ತಾಳೆ. ನನ್ನ ಮೈಗೆ ಅದು ಹತ್ತಿಬಿಟ್ಟಿದೆ. ಹೋಟೆಲಿಗೆ ಬರುವವರೆಲ್ಲ ಪಯಣದಲ್ಲಿ ಇರುವವರೇ, ಘಟ್ಟ ಹತ್ತುವವರು, ಕಾಡಿನ ದಾರಿಯಲ್ಲಿ ಹೋಗುವವರು. ನನ್ನ ಮುಖ ನೋಡಿ ಹೊರಟು ದಾರಿಯಲ್ಲಿ ಏನಾದರೂ ಆದರೆ? ಹಾಗಾಗಿ ಬಾಗಿಲ ಹತ್ತಿರ ನನ್ನ ಸರದಿ ಬಂದಾಗ ಕಂಬದ ಪಕ್ಕಕ್ಕೆ ಸರಿಯುತ್ತಿದ್ದೆ. ನಾನು ಬಡಿಸಿದ ಹೆಣ್ಣುಮಕ್ಕಳು ಎದ್ದರೆ ಬೇಗೂರಿನವಳಿಗೆ ಕಣ್ಣಲ್ಲೇ ಸನ್ನೆ ಮಾಡುತ್ತಿದ್ದೆ. ಅವಳು ಓಡಿ ಬಂದು ತಟ್ಟೆ ಹಿಡಿಯುತ್ತಿದ್ದಳು. ಅವಳಿಗೆ ಬಿಡುವಿಲ್ಲದಿದ್ದರೆ ನಾನು ಅಡಿಗೆಮನೆಗೆ ಹೋಗಿಬಿಡುತ್ತಿದ್ದೆ.

ಕೆಲವು ಸಲ ಆಫೀಸಿನವರು ಯಾರನ್ನೋ ಗಿರಾಕಿಯ ಹಾಗೆ ಕಳಿಸುತ್ತಾರೆ. ಅವರು ಯಾರೆಂದು ನಮಗೆ ಗೊತ್ತಾಗುವುದಿಲ್ಲ. ಉಂಡು ಹೋಗಿ, ಪಟ್ಟಿಯ ಒಂದೊಂದು ಸಾಲಿಗೂ ನಡೆಯಿತು, ನಡೆಯಲಿಲ್ಲ ಎಂದು ಬರೆದು ಕಳಿಸುತ್ತಾರೆ. ಹಾಗೆ ಬಂದವರೊಬ್ಬರು ನಾನು ಬಡಿಸುವ ಎಲೆಗಳ ಸಾಲಿನಲ್ಲೇ ಕೂತಿದ್ದರಂತೆ. ಮ್ಯಾನೇಜರ್ ನನ್ನನ್ನು ಕರೆದರು. ಚಾಮರಾಜನಗರದ ಕಡೆಯವರು, ನಿಮ್ಮ ಮಾವನ ವಯಸ್ಸು, ನನ್ನನ್ನು ಅಮ್ಮ ಎಂದೇ ಕರೆಯುತ್ತಿದ್ದರು.

"ಅಮ್ಮ, ಊಟ, ಬಡಿಸೋದು ಎಲ್ಲಾ ಚೆನ್ನಾಗದೆ ಅಂತ ಬರ್ದವ್ರೆ. ಆದ್ರೆ ಬಾಗ್ಲಲ್ಲಿ ಮುಖ ತಿರುಗ್ಸಿದ್ರು, ಕುಂಕುಮ ಕೊಡೋ ಹೊತ್ತಿಗೆ ಒಳಕ್ಕೆ ಓಗ್ಬುಟ್ರು ಅಂತ ಬರ್ದವ್ರೆ. ತವರಲ್ಲಿ ಯಾರಾದ್ರೂ ಮಗಳ್ನ ಹಿಂಗೆ ಕಳಿಸ್ತಾರಾ?"

ನಾನು ಕೈಯಲ್ಲಿದ್ದ ಸೌಟನ್ನು ಸೆರಗಿನಲ್ಲಿ ಒರೆಸಿದೆ.

"ಯಾಕಮ್ಮ ಅಂತ ಏಳಿ. ನಾನು ಮೇಲೆ ಏನಾರ ಉತ್ತರ ಕೊಡ್ಬೇಕಲ್ವಾ?"

ಗಂಡಸರ ಎದುರು ಅದನ್ನು ಬಾಯಿಬಿಟ್ಟು ಹೇಳುವುದು ಹೇಗೆ? ನನ್ನ ಹಣೆ ನೋಡಿದರೆ ತಿಳಿಯಬೇಕಿತ್ತು. ಆದರೆ ದಿನಾ ನೋಡುವ ಹಣೆಯನ್ನು ಯಾರೂ ನೋಡುವುದಿಲ್ಲ. ಮ್ಯಾನೇಜರು, ಸೋಮವಾರದವರೆಗೆ ನೋಡುತ್ತೇನೆ, ಆಗದಿದ್ದರೆ ಪಾತ್ರೆ ತೊಳೆಯುವ ಕಡೆಗೆ ಹಾಕುತ್ತೇನೆ, ಸಂಬಳ ಅಷ್ಟೇ ಇರುತ್ತದೆ, ಯೋಚನೆ ಮಾಡಬೇಡಿ ಎಂದರು. ಪಾತ್ರೆ ತೊಳೆಯುವ ಜಾಗ ಹಿತ್ತಲಲ್ಲಿ. ಅಲ್ಲಿಂದ ಉಣ್ಣುವವರ ಕೈ ಕಾಣುವುದಿಲ್ಲ. ಎಲೆಗಳು ಮಾತ್ರ ಬರುತ್ತವೆ, ಮಡಿಸಿ.

ಸೋಮವಾರ ಟ್ರೈನಿಂಗ್ ಕೊಡುವ ಮೇಡಂ ಮೈಸೂರಿನಿಂದ ಬಂದರು. ಬೇಗೂರಿನವಳನ್ನೇ ಗಿರಾಕಿಯಾಗಿ ಕೂರಿಸಿ, ನಮ್ಮ ಕೈಯಲ್ಲಿ ಒಬ್ಬೊಬ್ಬರಾಗಿ ಬಡಿಸಿ ಕಳಿಸುವ ಆಟ ಆಡಿಸಿದರು. ಅವಳು ಕಾಲಮೇಲೆ ಕಾಲು ಹಾಕಿಕೊಂಡು, "ಏನ್ರಮ್ಮ, ನಿಮ್ ತವರಲ್ಲಿ ಉಪ್ಪಿನ್ಕಾಯಿ ಇಲ್ವಾ?" ಎಂದು ಎಲ್ಲರನ್ನೂ ನಗಿಸಿದಳು. ನನ್ನ ಸರದಿ ಬಂತು. ನೀರು ಕೊಟ್ಟೆ, ಬಡಿಸಿದೆ. ಅವಳು ಎದ್ದಳು. ಮೇಡಂ ತಟ್ಟೆಯನ್ನು ನನ್ನ ಕೈಗೆ ಕೊಡಲು ಬಂದರು. ನಾನು ಎರಡೂ ಕೈ ಸೆರಗಿನೊಳಗೆ ಎಳೆದುಕೊಂಡೆ.

ಬೇಗೂರಿನವಳು ನಗುವುದು ನಿಲ್ಲಿಸಿ ಹೇಳಿದಳು: "ಮೇಡಂ, ಅಕ್ಕನ್ ಅಣೆ ನೋಡಿ. ಅವ್ರು ಎಂಗ್ ಕೊಟ್ಟಾರು? ಇದ್ನ ಬರ್ದೋರ್ಗೆ ಗೊತ್ತಾಗ್ಬೇಡ್ವಾ?"

ಮೇಡಂ ತಟ್ಟೆ ಕೆಳಗಿಟ್ಟರು. ಅವರ ಮುಖ ಕೆಂಪಾಗಿತ್ತು. "ಇದನ್ನ ಬರೆದೋಳು ನಾನೇ. ಆಫೀಸಲ್ಲಿ ಕೂತು ಬರೆದೆ, ನಿಮ್ಮನ್ನ ಕೇಳಲಿಲ್ಲ," ಎಂದರು. ನನ್ನನ್ನು ಬೆಂಚಿನ ಮೇಲೆ ಕೂರಿಸಿ ತಾವೂ ಪಕ್ಕದಲ್ಲಿ ಕೂತರು. "ನಿಮ್ಮ ತವರಲ್ಲಿ ನಿಮ್ಮನ್ನ ಹೇಗೆ ಕಳಿಸ್ತಿದ್ರು ಹೇಳಿ."

ನಾನು ಹೇಳಿದೆ. ಅಷ್ಟು ಜನರ ಮುಂದೆ ಅಷ್ಟು ಉದ್ದ ಮಾತಾಡಿದ್ದು ಅದೊಂದೇ ಸಲ.

ನನ್ನ ಅವ್ವನೂ ವಿಧವೆಯೇ. ನನ್ನ ಮದುವೆಗೂ ಮುಂಚೆ ಅಪ್ಪ ಹೋಗಿದ್ದ. ಕುದೇರಿನಿಂದ ನಾನೂ ನಿಮ್ಮ ತಾತನೂ ಹೊರಟಾಗ ಚಿಕ್ಕಮ್ಮ ಕುಂಕುಮ ಕೊಡುತ್ತಿದ್ದಳು, ಅವ್ವ ಕೋಣೆಯಲ್ಲೇ ಇರುತ್ತಿದ್ದಳು. ನಾವು ಹೊಸ್ತಿಲು ದಾಟಿದ ಮೇಲೆ ಹೊರಬರುತ್ತಿದ್ದಳು. ಎದುರು ಬರದೆ, ಹಿಂದೆ ಹಿಂದೆಯೇ ಬಸ್‌ಸ್ಟ್ಯಾಂಡಿನವರೆಗೆ ನಡೆದು ಬರುತ್ತಿದ್ದಳು. ನನ್ನ ಚೀಲದಲ್ಲಿ ಹಿಂದಿನಿಂದಲೇ ಹುರಿದ ಕಡಲೆಕಾಯಿಯ ಗಂಟು ತುರುಕುತ್ತಿದ್ದಳು. ಬಸ್ಸು ಹೊರಟರೆ ಅಲ್ಲೇ ನಿಲ್ಲುತ್ತಿದ್ದಳು, ಕೈ ಬೀಸುತ್ತಿರಲಿಲ್ಲ. ನಿಮ್ಮ ತಾತ ಹಿಂದಿನ ಗಾಜಿನಲ್ಲಿ ನೋಡಿ, "ಇನ್ನೂ ನಿಂತವ್ರೆ ಕಣೆ," ಎನ್ನುತ್ತಿದ್ದರು. ತಿರುವು ದಾಟುವವರೆಗೂ ಹೇಳುತ್ತಿದ್ದರು. "ಇನ್ನೂ ನಿಂತವ್ರೆ."

ಮೇಡಂ ಏನನ್ನೂ ಬರೆದುಕೊಳ್ಳಲಿಲ್ಲ. ಅಲ್ಲೇ ನಿಂತಿದ್ದ ಮ್ಯಾನೇಜರನ್ನು ಕೇಳಿದರು: "ಇದು ತವರಲ್ವಾ?"

"ಇದೇ ಮೇಡಂ ತವರು," ಎಂದರು ಅವರು. ಆಮೇಲೆ ನನ್ನ ಕಡೆ ತಿರುಗಿ, "ಅಮ್ಮ, ಬಾಯಿ ಬುಟ್ಟು ಏಳ್ಬಾರ್ದಿತ್ತಾ? ನಾನೂ ಕಣ್ಣಿದ್ದು ಕುಲ್ಡ ಆಗ್ಬುಟ್ಟೆ," ಎಂದರು.

ಅವತ್ತು ಮೇಡಂ ಊಟದ ಹೊತ್ತಿನವರೆಗೂ ಇದ್ದರು. ಒಬ್ಬೊಬ್ಬರನ್ನೂ ಅದೇ ಪ್ರಶ್ನೆ ಕೇಳಿದರು. ಮುದ್ದೆ ತೊಳಸುವ ಗಂಡಸು, ತಮ್ಮ ಮನೆಯಲ್ಲಿ ತೊಟ್ಟಿಯವರೆಗೂ ಬಂದು ಕೈಗೆ ನೀರು ಹಾಕುತ್ತಾರೆ ಎಂದ. ನಾವು ಹಿತ್ತಲಲ್ಲಿ ನಿಂತುಕೊಂಡೇ ಉಣ್ಣುವುದನ್ನೂ ಅವರು ನೋಡಿದರು. ನಿಂತು ಉಂಡವರು ಇನ್ನೊಬ್ಬರನ್ನು ಕೂರಿಸಿ ತವರಿನ ಹಾಗೆ ಬಡಿಸುವುದು ಹೇಗೆ ಎಂದು ಮ್ಯಾನೇಜರಿಗೆ ಹೇಳಿ, ನಮಗೆಂದು ಒಂದು ಮೇಜು ಹಾಕಿಸಿದರು. ಹೊಸ ಪಟ್ಟಿ ಆರೇ ಸಾಲು, ಬಾಗಿಲಿಗೆ ಎದುರಾಗಿ ನಿಲ್ಲುವುದು ಅದರಲ್ಲಿ ಇರಲಿಲ್ಲ. ಅದನ್ನು ನಮ್ಮ ಹೋಟೆಲಿನಲ್ಲಿ ಒಂದು ತಿಂಗಳು ನಡೆಸಿ ನೋಡಿದ ಮೇಲೆ ಉಳಿದ ಮೂರಕ್ಕೂ ಕಳಿಸಿದರು. ಕುಂಕುಮದ ತಟ್ಟೆ ಬಾಗಿಲ ಪಕ್ಕದ ಸ್ಟೂಲಿನ ಮೇಲಕ್ಕೆ ಹೋಯಿತು, ಬೇಕಾದವರು ತಾವೇ ಇಟ್ಟುಕೊಳ್ಳಲಿ ಎಂದು. ಕೊನೆಯ ಸಾಲು ಹೀಗಿತ್ತು: ಬಡಿಸಿದವರು ಗಿರಾಕಿಯ ಹಿಂದೆ ಬಾಗಿಲವರೆಗೆ ಹೋಗಿ, ಗಾಡಿ ಹೊರಡುವವರೆಗೆ ನಿಲ್ಲಬೇಕು.

ನನ್ನ ಕೈಯಲ್ಲಿ ಸೌಟು ಉಳಿಯಿತು.

ಆಮೇಲೆ ಬಂದ ಗುಟ್ಟಿನ ಗಿರಾಕಿ ಏನು ಬರೆದರೋ ನನಗೆ ಗೊತ್ತಿಲ್ಲ, ಕೇಳಲಿಲ್ಲ. ಚಾಮರಾಜನಗರದ ಹೋಟೆಲಿನಲ್ಲಿ ಒಮ್ಮೆ ನಿಮ್ಮ ಅಮ್ಮನ ಜೊತೆ ಉಂಡೆ. ಅಲ್ಲಿ ಬಡಿಸಿದ ಹುಡುಗಿ ಬಾಗಿಲವರೆಗೆ ಬಂದಳು. ಆದರೆ ನಾವು ಸ್ಕೂಟರ್ ಹತ್ತುವ ಮೊದಲೇ ಒಳಗೆ ಹೋಗಿದ್ದಳು. ಅವಳ ತಪ್ಪಲ್ಲ, ಇನ್ನೂ ನಾಲ್ಕು ಎಲೆ ಕಾಯುತ್ತಿದ್ದವು. ಪಟ್ಟಿಯಲ್ಲಿ ಬರೆದು ಬಾಗಿಲಲ್ಲಿ ನಿಲ್ಲಿಸಬಹುದು, ಎಷ್ಟು ಹೊತ್ತು ಎನ್ನುವುದು ಅವರವರ ಅವ್ವಂದಿರನ್ನು ನೋಡಿ ಬರುವುದು.

ಒಂದು ಮಧ್ಯಾಹ್ನ ಬಸುರಿ ಹುಡುಗಿಯೊಬ್ಬಳು ಗಂಡನ ಜೊತೆ ಉಂಡು ಎದ್ದಳು. ಮೂರು ಸಲ ಸಾರು ಹಾಕಿಸಿಕೊಂಡಿದ್ದಳು, ಕೇಳದೆ. ಅವಳ ಗಂಡ ಅನ್ನದಲ್ಲಿ ಬೆರಳಿನಿಂದ ಗುಂಡಿ ಮಾಡುತ್ತಿದ್ದ. ನನಗೆ ಕಣ್ಣು ತೆಗೆಯಲಾಗಲಿಲ್ಲ. ಅವರ ಹಿಂದೆ ಬಾಗಿಲವರೆಗೆ ಹೋಗಿ, ಮೆಟ್ಟಿಲಿನ ಪಕ್ಕ ನಿಂತೆ. ಕಾರು ರಸ್ತೆಗೆ ತಿರುಗಿತು. ಹಿಂದಿನ ಗಾಜಿನಲ್ಲಿ ಅವಳ ಮುಖ ಕಂಡಿತು. ಪಕ್ಕದಲ್ಲಿದ್ದವನಿಗೆ ಏನೋ ಹೇಳುತ್ತಿದ್ದಳು. ಏನೆಂದು ನನಗೆ ಕೇಳಿಸುವಂತಿರಲಿಲ್ಲ, ಆದರೂ ಕೇಳಿಸಿತು.

ಈಗ ಮಂಡಿ ನೋವು, ಹೋಟೆಲು ಬಿಟ್ಟಿದ್ದೇನೆ. ಮುಂದಿನ ಸಲ ಸ್ಕೂಟರ್ ಹತ್ತಿದಾಗ ನನ್ನನ್ನು ಎದುರಿಗೆ ಹುಡುಕಬೇಡಿ. ಕಡಲೆಕಾಯಿ ನಿಮ್ಮ ಚೀಲದ ತಳದಲ್ಲಿ ಇರುತ್ತದೆ. ತಿರುವಿನಲ್ಲಿ ಒಂದು ಸಲ ಹಿಂದೆ ತಿರುಗಿ ನೋಡಿ.